ಭಾಷಾವಿಜ್ಞಾನದ ಲೇಖನವನ್ನು ಚೀನೀ ಭಾಷೆಗೆ ಅನುವಾದಕ್ಕೆ ಕೊಡುವವರು ಗ್ಲಾಸ್ ಸಾಲನ್ನು ನೋಡಿಕೊಳ್ಳಿ

ಕನ್ನಡದ ಚತುರ್ಥಿ ವಿಭಕ್ತಿಯ ಕರ್ತೃಗಳನ್ನು ಕುರಿತು ನಾನು ಇಂಗ್ಲಿಷಿನಲ್ಲಿ ಬರೆದಿದ್ದ ಲೇಖನವೊಂದನ್ನು ಚೀನೀ ಭಾಷೆಯ ಸಂಕಲನಕ್ಕಾಗಿ ಒಂದು ಅನುವಾದ ಸಂಸ್ಥೆಗೆ ಒಪ್ಪಿಸಲಾಗಿತ್ತು. ಮರಳಿ ಬಂದ ಕರಡಿನಲ್ಲಿ ಗದ್ಯಭಾಗದ ಬಗ್ಗೆ ಚೀನೀ ಬಲ್ಲ ಸಹೋದ್ಯೋಗಿಗಳಿಂದ ಯಾವ ಆಕ್ಷೇಪವೂ ಬರಲಿಲ್ಲ. ಆದರೆ ಉದಾಹರಣೆಗಳು ಲೇಖನದ ವಾದವನ್ನೇ ಅಳಿಸಿಹಾಕಿದ್ದವು, ಅದೂ ಮೇಲ್ನೋಟಕ್ಕೆ ಏನೂ ಗೊತ್ತಾಗದ ಹಾಗೆ. ಇಂಥ ಕೆಲಸಕ್ಕೆ ಕೈಹಾಕುವ ಇತರರು ಮುದ್ರಣಕ್ಕೆ ಮೊದಲೇ ಎಚ್ಚರಗೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಲೇಖನ ನಿಂತಿದ್ದದ್ದು ಒಂದು ಜೋಡಿ ವಾಕ್ಯಗಳ ಮೇಲೆ: ‘ರಾಜುವಿಗೆ ಪುಸ್ತಕ ಸಿಕ್ಕಿತು’ ಮತ್ತು ‘ರಾಜು ಪುಸ್ತಕ ಪಡೆದನು’. ಎರಡನೆಯದರಲ್ಲಿ ಕ್ರಿಯಾಪದ ರಾಜುವಿನೊಂದಿಗೆ ಹೊಂದಿಕೊಂಡು ಪುಲ್ಲಿಂಗದಲ್ಲಿದೆ. ಮೊದಲನೆಯದರಲ್ಲಿ ರಾಜು ಚತುರ್ಥಿಯಲ್ಲಿರುವುದರಿಂದ ಕ್ರಿಯಾಪದ ಅವನನ್ನು ಬಿಟ್ಟು ಪುಸ್ತಕದೊಂದಿಗೆ ಹೊಂದಿಕೊಂಡು ನಪುಂಸಕ ಲಿಂಗಕ್ಕೆ ಬಂದಿದೆ. ಕನ್ನಡ ಬಾರದ ಓದುಗನಿಗೆ ಈ ವ್ಯತ್ಯಾಸವನ್ನು ತೋರಿಸುವುದು ಪದಪದದ ಅರ್ಥವನ್ನೂ ವ್ಯಾಕರಣವನ್ನೂ ಹೇಳುವ ಮಧ್ಯದ ಗ್ಲಾಸ್ ಸಾಲು ಮಾತ್ರ. ಲೈಪ್‌ಜಿಗ್ ಗ್ಲಾಸಿಂಗ್ ನಿಯಮಗಳ ಪ್ರಕಾರ ಆ ಸಾಲಿನ ಪ್ರತಿ ಪದವೂ ಮೇಲಿನ ಪದದ ಎಡ ಅಂಚಿನ ಕೆಳಗೇ ಆರಂಭವಾಗಬೇಕು, ಮೇಲಿನ ಪದದಲ್ಲಿ ಎಷ್ಟು ಅಡ್ಡಗೆರೆಗಳಿವೆಯೋ ಕೆಳಗೂ ಅಷ್ಟೇ ಇರಬೇಕು. ಚೀನೀ ಗ್ಲಾಸ್ ಬರಬೇಕಾಗಿದ್ದದ್ದು ಹೀಗೆ:

```
\gll raaju-vige pustaka sikk-i-tu \\
     拉朱-DAT 书 得到-PST-3SG.N \\
\glt 拉朱得到了书。
```

ಬಂದದ್ದು ಹೀಗೆ:

```
\gll raaju-vige pustaka sikk-i-tu \\
     拉朱 得到了 书 \\
\glt 拉朱得到了书。
```

ಅನುವಾದಕರು ಗ್ಲಾಸ್ ಸಾಲನ್ನೂ ಒಂದು ವಾಕ್ಯವೆಂದೇ ತಿಳಿದು, ಕ್ರಿಯಾಪದವನ್ನು ನಡುವೆ ಇಡುವ ಚೀನೀ ಕ್ರಮಕ್ಕೆ ತಿದ್ದಿಬಿಟ್ಟಿದ್ದರು. ಹಾಗಾಗಿ ‘ಪುಸ್ತಕ’ದ ಕೆಳಗೆ ಕ್ರಿಯಾಪದವೂ ‘ಸಿಕ್ಕಿತು’ವಿನ ಕೆಳಗೆ ಪುಸ್ತಕವೂ ಬಂದು ಕುಳಿತವು. ವಿಭಕ್ತಿಯ ಗುರುತೂ ಲಿಂಗದ ಗುರುತೂ ಹೋದವು. ಭೂತಕಾಲದ ಗುರುತಿನ ಜಾಗಕ್ಕೆ `了` ಅಕ್ಷರ ಬಂದಿತು; ಅದು ಕ್ರಿಯೆ ಮುಗಿದುದನ್ನು ಹೇಳುತ್ತದೆಯೇ ಹೊರತು ಕಾಲವನ್ನಲ್ಲ, ಆದ್ದರಿಂದ ಕನ್ನಡದ ಬಗ್ಗೆ ನಾನು ಹೇಳದ ಮಾತೊಂದು ನನ್ನ ಹೆಸರಿನಲ್ಲಿ ಸೇರಿದಂತಾಯಿತು. ಇದಕ್ಕಿಂತ ಕೆಟ್ಟದ್ದೆಂದರೆ ‘ರಾಜು ಪುಸ್ತಕ ಪಡೆದನು’ ಎಂಬುದರ ಗ್ಲಾಸ್ ಕೂಡ ಅಕ್ಷರಶಃ ಇದೇ ಆಗಿತ್ತು. ಎರಡು ವಾಕ್ಯಗಳ ಭೇದವನ್ನು ವಿವರಿಸುವ ಪುಟದಲ್ಲಿ ಚೀನೀ ಓದುಗನಿಗೆ ಕಾಣುತ್ತಿದ್ದದ್ದು ಒಂದೇ ಗ್ಲಾಸಿನ ಎರಡು ಪ್ರತಿಗಳು.

ಮೇಲೆ ಮೂರು ಪದ, ಕೆಳಗೂ ಮೂರು ಪದ ಇದ್ದುದರಿಂದ ಪಿಡಿಎಫ್‌ನಲ್ಲಿ ಕಂಬಸಾಲುಗಳು ಅಚ್ಚುಕಟ್ಟಾಗಿಯೇ ಕಾಣುತ್ತಿದ್ದವು. ಪದಗಳನ್ನು ಎಣಿಸಿದರೆ ಈ ತಪ್ಪು ಸಿಕ್ಕುವುದಿಲ್ಲ, ಅಡ್ಡಗೆರೆಗಳನ್ನು ಎಣಿಸಬೇಕು. ಮೂಲದಲ್ಲಿ ಅವು ಕ್ರಮವಾಗಿ 1, 0, 2. ಕರಡಿನಲ್ಲಿ 0, 0, 0. ಚೀನೀ ಅಕ್ಷರ ಒಂದೂ ಬಾರದವರು ಕೂಡ ಮಾಡಬಹುದಾದ ಪರೀಕ್ಷೆ ಇದು. ಒಂದೇ ಸಂಗತಿಯನ್ನು ಗಮನಿಸಿ: ಚೀನೀ ಟೈಪಿಂಗ್ ತಂತ್ರಾಂಶದಿಂದ ಬರಬಹುದಾದ ಅಗಲವಾದ ಅಡ್ಡಗೆರೆ ಕಣ್ಣಿಗೆ ಸಾಧಾರಣ ಗೆರೆಯಂತೆಯೇ ಕಂಡರೂ ಬೇರೆ ಚಿಹ್ನೆ, ಹುಡುಕಾಟದಲ್ಲಿ ಸಿಕ್ಕುವುದಿಲ್ಲ.

ಬೇರೆ ಕೆಲವು ಉದಾಹರಣೆಗಳಲ್ಲಿ ತಪ್ಪು ಎದ್ದು ಕಾಣುತ್ತಿತ್ತು. ಚೀನೀ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲವಾದ್ದರಿಂದ ಕರಡು ತಿದ್ದುವವರು ಗ್ಲಾಸ್ ಸಾಲಿನ ಜಾಗಗಳನ್ನು ‘ಶುದ್ಧ’ಗೊಳಿಸಿದ್ದರು. ಲೇಟೆಕ್‌ನ `\gll` ಆದೇಶ ಪದಗಳನ್ನು ಬೇರ್ಪಡಿಸುವುದು ಜಾಗದ ಆಧಾರದ ಮೇಲೇ. ಹೀಗಾಗಿ ಇಡೀ ಸಾಲು ಒಂದೇ ಪದವಾಗಿ ಮೊದಲ ಪದದ ಕೆಳಗೆ ಮುದ್ದೆಯಾಗಿ ನಿಂತು, ಉಳಿದ ಪದಗಳ ಕೆಳಗೆ ಬರಿದಾಗಿತ್ತು. ವರ್ಡ್ ಕಡತದಲ್ಲಿ ಜಾಗಗಳನ್ನು ಒತ್ತಿ ಒತ್ತಿ ಜೋಡಿಸಿದ್ದರೆ ಫಾಂಟ್ ಬದಲಾದೊಡನೆ ಎಲ್ಲವೂ ಸರಿದುಹೋಗುತ್ತದೆ. ಗೆರೆಯಿಲ್ಲದ ಕೋಷ್ಟಕದಲ್ಲಿ ಪ್ರತಿ ಪದಕ್ಕೆ ಒಂದೊಂದು ಕೋಶ ಕೊಡುವುದೇ ಅಲ್ಲಿ ನಂಬಬಹುದಾದ ದಾರಿ.

ಸಂಸ್ಥೆಯನ್ನು ಕೇಳಿದಾಗ ‘ವ್ಯಾಕರಣದ ಸಂಕೇತಗಳು ಓದಿಗೆ ಅಡ್ಡಿಯಾಗುತ್ತವೆಂದು ತೆಗೆದೆವು’ ಎಂಬ ಉತ್ತರ ಬಂದಿತು. ಭಾಷಾವಿಜ್ಞಾನ ಓದದವರಿಗೆ ಹಾಗೆ ಅನ್ನಿಸುವುದು ಸಹಜವೇ, ಆದರೆ ಅಂಥವರ ಕೈಗೆ ಈ ಕೆಲಸ ಹೋಗಬಾರದಿತ್ತು.

ಕಡತದೊಂದಿಗೆ ಒಂದು ಲಿಖಿತ ಸೂಚನೆಯನ್ನು ಕಳುಹಿಸಿ. ಮೊದಲ ಸಾಲನ್ನು ಮುಟ್ಟಬಾರದು. ಎರಡನೆಯದರಲ್ಲಿ ಪದಗಳ ಅರ್ಥಗಳು ಮಾತ್ರ ಚೀನೀ ಆಗಬೇಕು. ಕ್ರಮ, ಜಾಗ, ಅಡ್ಡಗೆರೆ, ಚುಕ್ಕೆಗಳು ಇದ್ದಂತೆಯೇ ಇರಬೇಕು. ಸಹಜ ಚೀನೀ ವಾಕ್ಯಕ್ಕೆ ಮೂರನೆಯ ಸಾಲು ಇದ್ದೇ ಇದೆ. `DAT`, `PST` ಮುಂತಾದವನ್ನು ಹಾಗೆಯೇ ಉಳಿಸಿ, ಅವುಗಳ ಚೀನೀ ಅರ್ಥವನ್ನು ಸಂಕ್ಷೇಪಗಳ ಪಟ್ಟಿಯಲ್ಲಿ ಒಮ್ಮೆ ಕೊಟ್ಟರೆ ಸಾಕು. ಪ್ರಕಾಶಕರು ಚೀನೀ ಸಂಕೇತಗಳೇ ಬೇಕೆಂದರೆ `DAT`ಗೆ ಎಲ್ಲೆಡೆ `与格` ಎಂಬಂತೆ ಒಂದಕ್ಕೆ ಒಂದೇ ರೂಪವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಇಡೀ ಲೇಖನಕ್ಕೆ ಮುನ್ನ ಎರಡು ಮೂರು ಉದಾಹರಣೆಗಳನ್ನಷ್ಟೇ ಮಾಡಿಸಿ ಅಡ್ಡಗೆರೆಗಳನ್ನು ಎಣಿಸಿ ನೋಡಿ. ಅಂತಿಮ ಪುಟವಿನ್ಯಾಸ ಬಂದಾಗ ಮತ್ತೊಮ್ಮೆ ಎಣಿಸಿ, ಏಕೆಂದರೆ ಜಾಗಗಳು ಅನುವಾದಕರ ಮೇಜಿನಲ್ಲಷ್ಟೇ ಅಲ್ಲ, ಅಚ್ಚು ಜೋಡಿಸುವವರ ಕೈಯಲ್ಲೂ ಕಳೆದುಹೋಗಬಹುದು.