ಫೇಸ್ ಸ್ವಾಪ್ ನಡುಗೋದು ನಿಲ್ಲೋಕೆ ಫಿಲ್ಟರ್ ಒಳ್ಳೇದಾ, ಆಪ್ಟಿಕಲ್ ಫ್ಲೋ ಒಳ್ಳೇದಾ: ಒಂದೇ ಕ್ಲಿಪ್ ಮೇಲೆ ಎಲ್ಲಾ ಹಾಕಿ ನೋಡಿದ್ದು

ಫೇಸ್ ಸ್ವಾಪ್ ಮಾಡಿರೋ ವಿಡಿಯೋನ ಒಂದೊಂದೇ ಫ್ರೇಮ್ ನಿಲ್ಸಿ ನೋಡಿದ್ರೆ ಎಲ್ಲಾ ಚೆನ್ನಾಗೇ ಇರುತ್ತೆ, ಪ್ಲೇ ಒತ್ತಿದ ತಕ್ಷಣ ಮುಖ ಮಾತ್ರ ತಲೆ ಮೇಲೆ ಸಣ್ಣಗೆ ನಡುಗ್ತಾ ಇರುತ್ತೆ, ಕುತ್ತಿಗೆ ಕೂದಲು ಎಲ್ಲಾ ನಿಂತಿರುತ್ತೆ. ಬ್ಲೆಂಡಿಂಗ್ ಎಷ್ಟು ತಿದ್ದಿದ್ರೂ ಇದು ಹೋಗಲ್ಲ, ಯಾಕಂದ್ರೆ ತೊಂದರೆ ಅದಕ್ಕಿಂತ ಹಿಂದೆ, ಕಣ್ಣು, ಮೂಗು, ದವಡೆ ಎಲ್ಲಿದೆ ಅಂತ ಗುರುತಿಸೋ ಲ್ಯಾಂಡ್‌ಮಾರ್ಕ್ ಪಾಯಿಂಟ್‌ಗಳಲ್ಲೇ ಇದೆ. ಡಿಟೆಕ್ಟರ್ ಪ್ರತಿ ಫ್ರೇಮನ್ನೂ ಹೊಸ ಫೋಟೋ ಅಂತ ನೋಡುತ್ತೆ, ಹಿಂದಿನ ಫ್ರೇಮಲ್ಲಿ ಕಣ್ಣಿನ ಮೂಲೆ ಎಲ್ಲಿತ್ತು ಅನ್ನೋದು ಅದಕ್ಕೆ ಗೊತ್ತೇ ಇರಲ್ಲ.

ಹೋಲಿಸೋಕೆ ನಾನು ಇಟ್ಕೊಂಡಿದ್ದು ಒಪ್ಪಿಗೆ ಕೊಟ್ಟ ಸ್ನೇಹಿತರೊಬ್ಬರ ಕ್ಲಿಪ್, 1080p, ಸೆಕೆಂಡಿಗೆ 30 ಫ್ರೇಮ್, ಎರಡು ಕಣ್ಣಿನ ನಡುವೆ ಸುಮಾರು 120 ಪಿಕ್ಸೆಲ್. ಮೊದಲು ಅಲುಗಾಡದೆ ಮಾತಾಡ್ತಾರೆ, ಆಮೇಲೆ ತಲೆನ ಪಕ್ಕಕ್ಕೆ ಬೇಗ ಸರಿಸ್ತಾರೆ, ಆ ಜಾಗದಲ್ಲಿ ಫ್ರೇಮಿಗೆ ಸುಮಾರು 8 ಪಿಕ್ಸೆಲ್ ಓಟ ಇದೆ. ಲ್ಯಾಂಡ್‌ಮಾರ್ಕ್ ತೆಗೆದಿದ್ದು dlib ಲೈಬ್ರರಿಯ 68 ಪಾಯಿಂಟ್ ಮಾಡೆಲ್‌ನಿಂದ. ಅಳೆದಿದ್ದು ಎರಡೇ ವಿಷಯ. ನಿಂತ ಭಾಗದಲ್ಲಿ ಮೂಗಿನ ಪಾಯಿಂಟ್‌ಗಳು ತಮ್ಮ ಸರಾಸರಿ ಜಾಗದಿಂದ ಎಷ್ಟು ಚದುರ್ತಾವೆ ಅನ್ನೋದು, ಅದು ಜಿಟ್ಟರ್. ಓಡೋ ಭಾಗದಲ್ಲಿ ಸ್ಮೂತ್ ಆದ ಪಾಯಿಂಟು ಕಚ್ಚಾ ಪಾಯಿಂಟಿಗಿಂತ ಓಟದ ದಿಕ್ಕಲ್ಲಿ ಸರಾಸರಿ ಎಷ್ಟು ಹಿಂದೆ ಬೀಳುತ್ತೆ ಅನ್ನೋದು, ಅದು ಲ್ಯಾಗ್. ಡಿಟೆಕ್ಟರ್ ನಾಯ್ಸ್ ಹಿಂದಕ್ಕೂ ಮುಂದಕ್ಕೂ ಸಮನಾಗಿ ಬೀಳೋದ್ರಿಂದ ಸರಾಸರಿ ತಗೊಂಡಾಗ ಅದು ಕಳೆದುಹೋಗಿ ಲ್ಯಾಗ್ ಮಾತ್ರ ಉಳಿಯುತ್ತೆ. ಕಚ್ಚಾ ಟ್ರ್ಯಾಕ್‌ನ ಜಿಟ್ಟರ್ ಸುಮಾರು 1.2 ಪಿಕ್ಸೆಲ್ ಇತ್ತು. ಕೇಳೋಕೆ ಕಮ್ಮಿ, ಕಣ್ಣಿಗೆ ತುಂಬಾ ಜಾಸ್ತಿ. ಅದರಲ್ಲೂ ಹೊಸ ಮುಖನ ತಲೆ ಮೇಲೆ ಕೂರಿಸೋ ಅಲೈನ್‌ಮೆಂಟ್‌ನ ತಿರುವಲ್ಲಿ 1 ಡಿಗ್ರಿ ಅಲುಗಾಡಿದ್ರೆ ಸಾಕು, ಮಧ್ಯದಿಂದ 150 ಪಿಕ್ಸೆಲ್ ದೂರದ ಗಲ್ಲದಲ್ಲಿ ಅದು 2.6 ಪಿಕ್ಸೆಲ್ ಆಗುತ್ತೆ.

ಯಾವ ಫಿಲ್ಟರ್ ಹಾಕೋಕೂ ಮುಂಚೆ ಒಂದು ವಿಷಯ ನೋಡ್ಕೊಳ್ಳಿ. dlib ಲ್ಯಾಂಡ್‌ಮಾರ್ಕ್ ಮಾಡೆಲ್ ಮುಖದ ಬಾಕ್ಸ್ ಒಳಗೆ ಒಂದು ಸರಾಸರಿ ಮುಖದ ಆಕಾರ ಇಟ್ಟು ಅಲ್ಲಿಂದ ತಿದ್ಕೊಂಡು ಹೋಗುತ್ತೆ, ಬಾಕ್ಸ್ ಕೊಡೋ HOG ಡಿಟೆಕ್ಟರ್ ಹಂತ ಹಂತದ ಸೈಜುಗಳಲ್ಲಿ ಹುಡುಕೋದ್ರಿಂದ ಬಾಕ್ಸ್ ನಯವಾಗಿ ಸರಿಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತೆ, ಆ ಜಿಗಿತಕ್ಕೆ 68 ಪಾಯಿಂಟೂ ಒಟ್ಟಿಗೆ ಜಿಗಿಯುತ್ತವೆ. ಪಾಯಿಂಟ್‌ಗಳು ಬೇರೆ ಬೇರೆ ದಿಕ್ಕಿಗೆ ನಡುಗಿದ್ರೆ ಎಲ್ಲಾ ಸೇರಿಸಿ ಅಲೈನ್‌ಮೆಂಟ್ ಲೆಕ್ಕ ಹಾಕುವಾಗ ಒಂದನ್ನೊಂದು ಕಳೀತಾವೆ, ಒಟ್ಟಿಗೆ ಜಿಗಿದ್ರೆ ಏನೂ ಕಳೆಯಲ್ಲ. ಅದಕ್ಕೆ ಬಾಕ್ಸನ್ನೇ ಮೊದಲು ಸ್ಮೂತ್ ಮಾಡಿ ಆಮೇಲೆ ಲ್ಯಾಂಡ್‌ಮಾರ್ಕ್ ತೆಗೆಯಿರಿ, ಇದೊಂದರಿಂದಲೇ ಮುಖ ಪೂರ್ತಿ ಕುಲುಕೋದು ಎಷ್ಟೋ ಇಳಿಯುತ್ತೆ.

ಈಗ ಫಿಲ್ಟರ್‌ಗಳು. ಎಲ್ಲರೂ ಮೊದಲು ಹಾಕೋದು ಎಕ್ಸ್‌ಪೊನೆನ್ಷಿಯಲ್ ಸರಾಸರಿ, ಅಂದ್ರೆ ಹೊಸ ಪಾಯಿಂಟಿಗೆ α ಪಾಲು, ಹಳೇ ಸ್ಮೂತ್ ಪಾಯಿಂಟಿಗೆ ಉಳಿದ ಪಾಲು. α = 0.3 ಇಟ್ರೆ ಜಿಟ್ಟರ್ 1.2 ಇಂದ ಸುಮಾರು 0.5ಕ್ಕೆ ಇಳಿಯುತ್ತೆ, ನಿಂತ ಭಾಗ ನೋಡೋಕೆ ಚೆಂದ. ಆದ್ರೆ ಒಂದೇ ವೇಗದಲ್ಲಿ ಓಡೋವಾಗ ಇದರ ಲ್ಯಾಗ್ (1-α)/α ಫ್ರೇಮ್, ಅಂದ್ರೆ 2.3 ಫ್ರೇಮ್, ಫ್ರೇಮಿಗೆ 8 ಪಿಕ್ಸೆಲ್ ಓಡೋ ತಲೆಗೆ 18 ಪಿಕ್ಸೆಲ್‌ಗಿಂತ ಜಾಸ್ತಿ. ಮುಖ ತಲೆಯಿಂದ ಜಾರಿ ಹಿಂದೆ ಉಳಿದು ಆಮೇಲೆ ಬಂದು ಕೂರುತ್ತೆ, ಇದು ನಡುಕಕ್ಕಿಂತ ಕೆಟ್ಟದಾಗಿ ಕಾಣುತ್ತೆ, ಹಾಗಾಗಿ ಸ್ವಾಪ್‌ಗೆ ಇದು ನನ್ನ ಲೆಕ್ಕದಲ್ಲಿ ಬೇಡವೇ ಬೇಡ. ಸ್ಥಿರ ವೇಗದ ಮಾಡೆಲ್ ಇಟ್ಟ ಕಾಲ್ಮನ್ ಫಿಲ್ಟರ್ ಓಡೋವಾಗ ಹಿಂದೆ ಬೀಳಲ್ಲ, ಆದ್ರೆ ತಲೆ ಥಟ್ಟನೆ ನಿಂತಾಗ ಮುಖ ಇನ್ನೂ ಸ್ವಲ್ಪ ಮುಂದಕ್ಕೆ ಹೋಗಿ ವಾಪಸ್ ಬರುತ್ತೆ.

ಒನ್ ಯೂರೋ ಫಿಲ್ಟರ್, 2012ರಲ್ಲಿ ಬಂದಿದ್ದು, ಇದರ ಐಡಿಯಾ ನಂಗೆ ತುಂಬಾ ಇಷ್ಟ. ಪಾಯಿಂಟ್ ನಿಂತಿದ್ರೆ ಜೋರಾಗಿ ಸ್ಮೂತ್ ಮಾಡುತ್ತೆ, ಓಡ್ತಿದ್ರೆ ಸಡಿಲ ಬಿಡುತ್ತೆ. ಎಷ್ಟು ಬೇಗದ ಅಲುಗಾಟದವರೆಗೆ ಒಳಗೆ ಬಿಡ್ಬೇಕು ಅನ್ನೋ ಮಿತಿಯೇ ಕಟಾಫ್, ಅದು ಏರಿದಷ್ಟೂ α ಏರುತ್ತೆ, ಅದರ ಲೆಕ್ಕ `mincutoff + beta * |ವೇಗ|`. mincutoff 1 ಹರ್ಟ್ಸ್, beta 0.05 ಇಟ್ಟಾಗ ನಿಂತ ಭಾಗದಲ್ಲಿ α ಸುಮಾರು 0.17. ತಲೆ ಸೆಕೆಂಡಿಗೆ 240 ಪಿಕ್ಸೆಲ್ ಓಡೋವಾಗ ಕಟಾಫ್ 13 ಹರ್ಟ್ಸ್‌ಗೆ ಏರಿ α 0.73 ಆಗುತ್ತೆ, ಲ್ಯಾಗ್ 3 ಪಿಕ್ಸೆಲ್ ಒಳಗೇ ನಿಲ್ಲುತ್ತೆ. ಓಡೋವಾಗ ನಡುಕ ವಾಪಸ್ ಬರುತ್ತೆ ನಿಜ, ಆದ್ರೆ ಓಟದಲ್ಲಿ ಕಣ್ಣು ಅದನ್ನ ಹಿಡಿಯಲ್ಲ. ಇದರ ನಿಜವಾದ ಕೊರತೆ ಓಟ ಶುರುವಾಗೋ ಕ್ಷಣದಲ್ಲಿದೆ: ವೇಗದ ಅಂದಾಜನ್ನೂ ಅದು 1 ಹರ್ಟ್ಸ್ ಕಟಾಫ್ ಹಾಕಿ ಸ್ಮೂತ್ ಮಾಡೋದ್ರಿಂದ ತಲೆ ಹೊರಟಿದೆ ಅಂತ ಗೊತ್ತಾಗೋಕೆ ಕೆಲವು ಫ್ರೇಮ್ ಬೇಕು, ಅಷ್ಟರಲ್ಲಿ ಮುಖ ಒಂದು ಸಲ ಹಿಂದೆ ಉಳಿದು ಎಳೆದ ಹಾಗೆ ಬರುತ್ತೆ. ಇನ್ನೊಂದು, beta ಪಿಕ್ಸೆಲ್ ಲೆಕ್ಕದಲ್ಲಿದ್ರೆ ಮುಖ ಹತ್ರ ಬಂದಾಗ ಒಂಥರಾ, ದೂರ ಹೋದಾಗ ಇನ್ನೊಂಥರಾ ನಡ್ಕೊಳ್ಳುತ್ತೆ. ಪಾಯಿಂಟ್‌ಗಳನ್ನ ಕಣ್ಣಿನ ನಡುವಿನ ದೂರದಿಂದ ಭಾಗಿಸಿ ಆಮೇಲೆ ಫಿಲ್ಟರ್ ಹಾಕಿ, ಆಗ ಈ ಕ್ಲಿಪ್‌ನ 0.05 ಅನ್ನೋದು 6 ಆಗುತ್ತೆ, ಅದೇ ಸೆಟ್ಟಿಂಗ್ ಬೇರೆ ಕ್ಲಿಪ್‌ಗೂ ನಡೆಯುತ್ತೆ.

ಲೈವ್ ಅಲ್ಲದೆ ಫೈಲ್ ಮೇಲೆ ಕೆಲಸ ಮಾಡೋರಿಗೆ ಮುಂದಿನ ಫ್ರೇಮ್‌ಗಳೂ ಕೈಯಲ್ಲಿರುತ್ತೆ, ಅಂದ್ಮೇಲೆ ಲ್ಯಾಗ್ ಯಾಕೆ ಸಹಿಸ್ಬೇಕು? ಸವಿಟ್ಸ್ಕಿ-ಗೋಲೇ ಫಿಲ್ಟರ್ ಇಲ್ಲಿ ಚೆನ್ನಾಗಿದೆ, SciPyಯಲ್ಲಿ `savgol_filter(x, 7, 2, axis=0)` ಅಂತ ಒಂದೇ ಸಾಲು, ಆಚೆ ಮೂರು ಈಚೆ ಮೂರು ಫ್ರೇಮ್ ನೋಡಿ ನಡುವೆ ಒಂದು ಕರ್ವ್ ಕೂರಿಸುತ್ತೆ, ಒಂದೇ ವೇಗದ ಓಟದಲ್ಲಿ ಲ್ಯಾಗ್ ಸೊನ್ನೆ. ಲೆಕ್ಕದ ಪ್ರಕಾರ ಜಿಟ್ಟರ್ 1.2 ಇಂದ 0.7ಕ್ಕೆ ಬರ್ಬೇಕು, ನಿಜದಲ್ಲಿ ಸ್ವಲ್ಪ ಜಾಸ್ತಿಯೇ ಉಳಿಯುತ್ತೆ, ಯಾಕಂದ್ರೆ ಅಕ್ಕಪಕ್ಕದ ಫ್ರೇಮ್‌ಗಳ ನಾಯ್ಸ್ ಪೂರ್ತಿ ಬೇರೆ ಬೇರೆ ಅಲ್ಲ, ಒಂದು ಕಡೆ ವಾಲಿದ್ರೆ ಎರಡು ಮೂರು ಫ್ರೇಮ್ ಅಲ್ಲೇ ಇರುತ್ತೆ. ಜಾಸ್ತಿ ಸ್ಮೂತ್ ಬೇಕು ಅಂತ ವಿಂಡೋ ಅಗಲ ಮಾಡಿದ್ರೆ ಕಣ್ಣು ಮಿಟುಕಿಸೋದು ಹಾಳಾಗುತ್ತೆ. ಚುರುಕಾದ ಮಿಟುಕು 30 ಫ್ರೇಮ್ ವಿಡಿಯೋದಲ್ಲಿ ನಾಲ್ಕೈದು ಫ್ರೇಮ್ ಅಷ್ಟೇ ಇರೋದು, ರೆಪ್ಪೆ ಪೂರ್ತಿ ಮುಚ್ಚಲ್ಲ, ಅದರ ಜೊತೆಗೆ ಈ ಫಿಲ್ಟರ್‌ನ ತುದಿ ತೂಕಗಳು ನೆಗೆಟಿವ್ ಇರೋದ್ರಿಂದ ಮಿಟುಕಿಸೋಕೆ ಸ್ವಲ್ಪ ಮುಂಚೆ ಕಣ್ಣು ಒಂಚೂರು ಅಗಲ ಆಗುತ್ತೆ. ಒಮ್ಮೆ ಗಮನಿಸಿದ್ರೆ ಆಮೇಲೆ ಪ್ರತಿ ಸಲ ಅದೇ ಕಾಣುತ್ತೆ.

ಇಲ್ಲಿವರೆಗಿನ ಎಲ್ಲಾ ಫಿಲ್ಟರ್‌ಗಳ ಮಿತಿ ಒಂದೇ, ಅವು ನಂಬರ್‌ಗಳನ್ನ ಮಾತ್ರ ನೋಡ್ತಾವೆ. ಪಾಯಿಂಟ್ 2 ಪಿಕ್ಸೆಲ್ ಸರಿದ್ರೆ ತಲೆ ಸರಿಯಿತಾ ಡಿಟೆಕ್ಟರ್ ತಪ್ಪಿತಾ ಅಂತ ಅವಕ್ಕೆ ಗೊತ್ತಾಗೋ ದಾರಿನೇ ಇಲ್ಲ. ಅದರ ಉತ್ತರ ಚಿತ್ರದಲ್ಲೇ ಇದೆ, ಆಪ್ಟಿಕಲ್ ಫ್ಲೋ, ಅಂದ್ರೆ ಒಂದು ಫ್ರೇಮಿಂದ ಇನ್ನೊಂದಕ್ಕೆ ಚಿತ್ರದ ಯಾವ ಭಾಗ ಎಲ್ಲಿಗೆ ಸರಿದಿದೆ ಅನ್ನೋ ಲೆಕ್ಕ, ಓದೋದು ಅದನ್ನೇ.

ಲೂಕಾಸ್-ಕನಾಡೆ ಫ್ಲೋ ಒಂದನ್ನೇ ನಂಬಿದ್ರೆ, ಅಂದ್ರೆ ಮೊದಲ ಫ್ರೇಮಲ್ಲಿ ಲ್ಯಾಂಡ್‌ಮಾರ್ಕ್ ಹಿಡಿದು ಆಮೇಲೆ ಫ್ಲೋನಲ್ಲೇ ಎಳ್ಕೊಂಡು ಹೋದ್ರೆ, ಮೊದಲ ಕೆಲ ಸೆಕೆಂಡ್ ಮುಖ ಬೆಣ್ಣೆ ಹಾಗೆ ನಯವಾಗಿ ಹೋಗುತ್ತೆ, ಆಮೇಲೆ ಡ್ರಿಫ್ಟ್ ಶುರು. ಫ್ರೇಮಿಗೆ 0.1 ಪಿಕ್ಸೆಲ್ ತಪ್ಪು ಒಂದೇ ಕಡೆಗೆ ಸೇರ್ತಾ ಹೋದ್ರೆ 10 ಸೆಕೆಂಡಿಗೆ 30 ಪಿಕ್ಸೆಲ್. ಅದಕ್ಕೇ ಎರಡನ್ನೂ ಕೂಡಿಸಿದೆ: ಹಿಂದಿನ ಫ್ರೇಮಿನ ಪಾಯಿಂಟನ್ನ ಫ್ಲೋ ಈ ಫ್ರೇಮಿಗೆ ತರುತ್ತೆ, ಡಿಟೆಕ್ಟರ್ ಅದನ್ನ ತನ್ನ ಕಡೆಗೆ ಒಂಚೂರು ಎಳೆಯುತ್ತೆ. ಫ್ಲೋ ಎಷ್ಟು ನಂಬಿಕಸ್ಥ ಅಂತ ತಿಳಿಯೋಕೆ ಮುಂದಕ್ಕೆ ಹೋಗಿ ಅಲ್ಲಿಂದ ವಾಪಸ್ ಬಂದು ನೋಡೋದು, ಹೊರಟ ಜಾಗಕ್ಕೇ ಬಂದ್ರೆ ಸರಿ.

```python
kw = dict(winSize=(21, 21), maxLevel=3)
p1, s1, _ = cv2.calcOpticalFlowPyrLK(g0, g1, p0, None, **kw)
pb, s2, _ = cv2.calcOpticalFlowPyrLK(g1, g0, p1, None, **kw)
fb = np.linalg.norm(p0 - pb, axis=2)
w = 0.15 + 0.85 * (1 - np.exp(-fb**2))
w[(s1 == 0) | (s2 == 0)] = 1.0
p = w[..., None] * det + (1 - w[..., None]) * p1
```

ಇಲ್ಲಿ p0 ಅಂದ್ರೆ ಹಿಂದಿನ ಫ್ರೇಮಿನ ಪಾಯಿಂಟ್‌ಗಳು, det ಅಂದ್ರೆ ಈ ಫ್ರೇಮಲ್ಲಿ ಡಿಟೆಕ್ಟರ್ ಕೊಟ್ಟಿದ್ದು, ಎರಡೂ float32, N×1×2 ಆಕಾರ. fb ಅಂದ್ರೆ ವಾಪಸ್ ಬಂದಾಗ ಉಳಿದ ತಪ್ಪು, w ಅಂದ್ರೆ ಡಿಟೆಕ್ಟರ್‌ಗೆ ಕೊಡೋ ಪಾಲು. g0, g1 ಅಂದ್ರೆ ಸ್ವಾಪ್ ಮಾಡೋಕೂ ಮುಂಚಿನ ಮೂಲ ವಿಡಿಯೋದ ಗ್ರೇ ಫ್ರೇಮ್‌ಗಳು, ಸ್ವಾಪ್ ಆದ ಔಟ್‌ಪುಟ್ ಮೇಲೆ ಫ್ಲೋ ಹಾಕಿದ್ರೆ ನಡುಕವನ್ನೇ ಟ್ರ್ಯಾಕ್ ಮಾಡಿದ ಹಾಗಾಗುತ್ತೆ. fb ಒಂದು ಮಿತಿ ದಾಟಿದ್ರೆ w = 1 ಅಂತ ಕಡ್ಡಿ ಮುರಿದ ಹಾಗೆ ಬದಲಿಸೋದಕ್ಕಿಂತ ಹೀಗೆ ಮೆಲ್ಲಗೆ ಏರಿಸೋದು ಒಳ್ಳೇದು, ಇಲ್ದಿದ್ರೆ ಆ ಫ್ರೇಮಲ್ಲಿ ಪಾಯಿಂಟ್ ಪಟ್ ಅಂತ ಜಿಗಿಯುತ್ತೆ.

ಇದು ಯಾಕೆ ಕೆಲಸ ಮಾಡುತ್ತೆ ಅಂದ್ರೆ, 0.15 ಅನ್ನೋದು ಎಕ್ಸ್‌ಪೊನೆನ್ಷಿಯಲ್ ಸರಾಸರಿಯ α ತರಾನೇ, ಆದ್ರೆ ಇಲ್ಲಿ ಸ್ಮೂತ್ ಆಗ್ತಿರೋದು ಪಾಯಿಂಟಿನ ಓಟ ಅಲ್ಲ, ಫ್ಲೋಗೂ ಡಿಟೆಕ್ಟರ್‌ಗೂ ಇರೋ ವ್ಯತ್ಯಾಸ ಮಾತ್ರ. ಓಟನ ಚಿತ್ರದಿಂದ ನೇರವಾಗಿ ತಗೊಂಡಿರೋದ್ರಿಂದ ತಲೆ ಎಷ್ಟೇ ಬೇಗ ಸರಿದ್ರೂ, ಫ್ಲೋ ಹಿಡ್ಕೊಂಡಿರೋವರೆಗೆ, ಲ್ಯಾಗ್ ಬರಲ್ಲ. ಡಿಟೆಕ್ಟರ್ ಜಿಟ್ಟರ್ ಲೆಕ್ಕಕ್ಕೆ 0.35 ಪಿಕ್ಸೆಲ್ ಹತ್ರ ಇಳಿಯುತ್ತೆ, ಫ್ಲೋ ಫ್ರೇಮಿಗೆ 0.1 ಜಾರಿದ್ರೂ ಡಿಟೆಕ್ಟರ್ ಎಳೀತಾನೇ ಇರೋದ್ರಿಂದ ಒಟ್ಟು ತಪ್ಪು ಸುಮಾರು 0.6 ಪಿಕ್ಸೆಲ್‌ಗೆ ನಿಂತುಬಿಡುತ್ತೆ. ನನ್ನ ಕ್ಲಿಪ್‌ನಲ್ಲಿ ನಿಂತ ಭಾಗ, ಓಡೋ ಭಾಗ ಎರಡರಲ್ಲೂ ಮುಖ ತಲೆಗೆ ಅಂಟಿಕೊಂಡು ನಿಂತಿದ್ದು ಇದೊಂದರಲ್ಲೇ.

ಆದ್ರೆ 68 ಪಾಯಿಂಟಿಗೂ ಇದನ್ನ ಕಣ್ಮುಚ್ಚಿ ಹಾಕೋ ಹಾಗಿಲ್ಲ. ಮೂಗು, ಹುಬ್ಬು, ಕಣ್ಣಿನ ಮೂಲೆಗಳಲ್ಲಿ ಫ್ಲೋಗೆ ಹಿಡಿಯೋಕೆ ಒಳ್ಳೇ ವಿವರ ಇದೆ. ದವಡೆಯ 0 ಇಂದ 16ರವರೆಗಿನ ಪಾಯಿಂಟ್‌ಗಳಲ್ಲಿ ಎರಡು ತೊಂದರೆ: ಬರೀ ಅಂಚು ಇರೋದ್ರಿಂದ ಪಾಯಿಂಟ್ ಅಂಚಿನ ಉದ್ದಕ್ಕೆ ಜಾರಿದ್ರೂ ಫ್ಲೋಗೆ ಗೊತ್ತಾಗಲ್ಲ, ಮತ್ತೆ 21 ಪಿಕ್ಸೆಲ್ ವಿಂಡೋದಲ್ಲಿ ಅರ್ಧ ಹಿನ್ನೆಲೆನೇ ಇರುತ್ತೆ, ಅದು ನಿಂತಿದ್ರೆ ಪಾಯಿಂಟನ್ನೂ ಹಿಡಿದು ನಿಲ್ಲಿಸುತ್ತೆ. ತಲೆ ಸರಿದಾಗ ಗಲ್ಲದ ಒಂದು ಬದಿ ಉದ್ದ ಎಳೆದ ಹಾಗೆ ಕಂಡ್ರೆ ಕಾರಣ ಇದೇ ಅನ್ಕೊಳ್ಳಿ, ಇಲ್ಲಿ ವಾಪಸ್ ಬಂದು ನೋಡೋ ಚೆಕ್ಕೂ ಹಿಡಿಯಲ್ಲ, ಹಿನ್ನೆಲೆಗೆ ಅಂಟಿದ ಪಾಯಿಂಟ್ ವಾಪಸ್ ಬರುವಾಗ ಸರಿಯಾಗೇ ಬರುತ್ತೆ. ದವಡೆಗೆ ನಾನು ಅದರದ್ದೇ ಫ್ಲೋ ಬಿಟ್ಟು, ಒಳಗಿನ ಪಾಯಿಂಟ್‌ಗಳ ಫ್ಲೋನಿಂದ `cv2.estimateAffinePartial2D` ಬಳಸಿ ಮುಖದ ಒಟ್ಟು ಚಲನೆ ತೆಗೆದು ಅದರಿಂದ ಸರಿಸ್ತೀನಿ, w ಮಾತ್ರ 0.3ಕ್ಕೆ ಏರಿಸ್ತೀನಿ, ಯಾಕಂದ್ರೆ ತಲೆ ಪಕ್ಕಕ್ಕೆ ತಿರುಗಿದಾಗ ದವಡೆಯ ಆಕಾರ ನಿಜವಾಗ್ಲೂ ಬದಲಾಗುತ್ತೆ, ಅದು ಈ 2ಡಿ ಲೆಕ್ಕದಲ್ಲಿ ಬರಲ್ಲ.

ರೆಪ್ಪೆಗೆ, ಮತ್ತೆ 60 ಇಂದ 67ರವರೆಗಿನ ಒಳತುಟಿ ಪಾಯಿಂಟ್‌ಗಳಿಗೆ ಫ್ಲೋ ನಂಬಬೇಡಿ. ಕಣ್ಣು ಮುಚ್ಚಿದಾಗ ಕಪ್ಪುಗುಡ್ಡೆ ಇದ್ದ ಜಾಗಕ್ಕೆ ಚರ್ಮ ಬರುತ್ತೆ, ಬಾಯಿ ತೆರೆದಾಗ ಹಲ್ಲು ಬರುತ್ತೆ, ಅಂದ್ರೆ ಹಿಂದಿನ ಫ್ರೇಮಲ್ಲಿ ಇದ್ದಿದ್ದೇ ಇಲ್ಲಿ ಇಲ್ಲ, ಫ್ಲೋ ಹುಡುಕೋದಾದ್ರೂ ಏನನ್ನ. ಇವಕ್ಕೆ ಡಿಟೆಕ್ಟರ್ ಪಾಯಿಂಟನ್ನೇ ತಗೊಂಡು, ಮುಖದ ಒಟ್ಟು ಚಲನೆ ಕಳೆದು, ಉಳಿದದ್ದಕ್ಕೆ ಸವಿಟ್ಸ್ಕಿ-ಗೋಲೇ 5 ಫ್ರೇಮ್ ವಿಂಡೋ ಸಾಕು. ತುಟಿ ಒಂಚೂರು ನಡುಗಿದ್ರೂ ಮಾತಿನ ಜೊತೆ ಹೋಗ್ಬಿಡುತ್ತೆ, ಮುಚ್ಚದ ತುಟಿ ಮಾತ್ರ ಎದ್ದು ಕಾಣುತ್ತೆ.

ವೆಬ್‌ಕ್ಯಾಮ್‌ನಲ್ಲಿ ಲೈವ್ ಮಾಡೋದಾದ್ರೆ ನಾನು ಒನ್ ಯೂರೋನೇ ಇಡ್ತೀನಿ, ಲೆಕ್ಕ ಕಮ್ಮಿ, ಹಾಳಾದ್ರೂ ಬೇಗ ಸರಿಹೋಗುತ್ತೆ. ಫೈಲ್ ಮೇಲೆ ಮಾಡೋದಾದ್ರೆ ಫ್ಲೋ ಮತ್ತೆ ಡಿಟೆಕ್ಟರ್ ಕೂಡಿಸಿದ್ದು, ಅದೂ ಬೆಳಕು ಸರಿಯಿದ್ದು ಮೋಷನ್ ಬ್ಲರ್ ಕಮ್ಮಿ ಇರೋ ಕ್ಲಿಪ್‌ಗೆ. ಕೈ ಮುಖದ ಮುಂದೆ ಹಾದುಹೋಗೋ ಶಾಟ್‌ನಲ್ಲಿ ಪಾಯಿಂಟ್‌ಗಳು ಕೈಗೇ ಅಂಟಿಕೊಂಡು ಹೋಗ್ಬಹುದು. ಅದಕ್ಕೆ ಫ್ಲೋ ಪಾಯಿಂಟ್ ಡಿಟೆಕ್ಟರ್‌ನಿಂದ ಕಣ್ಣಿನ ನಡುವಿನ ದೂರದ 8 ಪರ್ಸೆಂಟ್‌ಗಿಂತ, ಈ ಕ್ಲಿಪ್‌ನಲ್ಲಿ ಸುಮಾರು 10 ಪಿಕ್ಸೆಲ್‌ಗಿಂತ, ದೂರ ಹೋದ್ರೆ ಆ ಪಾಯಿಂಟಿನ w ನೇರ 1 ಮಾಡ್ತೀನಿ. ಶಾಟ್ ಕಟ್ ಆದ ಕಡೆ ಎಲ್ಲಾ ಪಾಯಿಂಟಿಗೂ ಅದೇ ಮಾಡ್ಬೇಕು, ಬಾಕ್ಸ್ ಸ್ಮೂತಿಂಗೂ ಅಲ್ಲಿಂದ ಹೊಸದಾಗಿ ಶುರು ಆಗ್ಬೇಕು, ಸವಿಟ್ಸ್ಕಿ-ಗೋಲೇನ ಪ್ರತಿ ಶಾಟ್‌ಗೂ ಬೇರೆ ಬೇರೆ ಓಡಿಸ್ಬೇಕು. ಇಲ್ದಿದ್ರೆ ಕಟ್‌ನ ಎರಡೂ ಕಡೆ ಎರಡೆರಡು ಫ್ರೇಮ್ ತುಟಿ, ರೆಪ್ಪೆ ಬೇರೆ ಶಾಟಿನ ಕಡೆಗೆ ಎಳೆದು ಕಾಣುತ್ತೆ.