ಒಂದು 16 ಜಿಬಿನಾ, ಎರಡು 8 ಜಿಬಿನಾ? ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಯಲ್ಲಿ ಎರಡನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್ಕಿಗೆ.

ನಮ್ಮ ಮನೆಯದು ರೈಜನ್ 5 5600ಜಿ ಪ್ರೊಸೆಸರ್‌ನ ಪಿಸಿ, ಮೈಸೂರಿನ ಒಂದು ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ್ದು. ಅವರು 16 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್ ಹಾಕಿಕೊಟ್ಟಿದ್ದರು. "ಮುಂದೆ ಬೇಕಾದ್ರೆ ಇನ್ನೊಂದು ಸೇರಿಸ್ಕೋಬಹುದು ಸಾರ್" ಅಂದರು. ಬ್ರೌಸರ್, ಟ್ಯಾಲಿ, ನುಡಿಯಲ್ಲಿ ಟೈಪಿಂಗ್, ಯಾವುದರಲ್ಲೂ ಕೊರತೆ ಕಾಣಲಿಲ್ಲ. ಮಂಡ್ಯದಿಂದ ರಜೆಗೆ ಬಂದ ಅಕ್ಕನ ಮಗ ಜಿಟಿಎ 5 ಹಾಕಿದ ಮೇಲೆ ಶುರುವಾಯಿತು. "ಮಾಮ, ನನ್ನ ಫ್ರೆಂಡ್‌ದೂ ಇದೇ ಪ್ರೊಸೆಸರ್. ಅವನದರಲ್ಲಿ ಹಿಂಗೆ ಎಳೆಯಲ್ಲ" ಅಂದ. 1080ಪಿ, ನಾರ್ಮಲ್ ಸೆಟ್ಟಿಂಗ್‌ನಲ್ಲಿ 40 ಎಫ್‌ಪಿಎಸ್ ಆಸುಪಾಸಿನಲ್ಲೇ ಒದ್ದಾಡುತ್ತಿತ್ತು.

5600ಜಿಯೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಪ್ರೊಸೆಸರ್ ಬಳಸುವ ರ‍್ಯಾಮನ್ನೇ ಅದೂ ಬಳಸಬೇಕು. ರ‍್ಯಾಮ್‌ಗೂ ಪ್ರೊಸೆಸರ್‌ಗೂ ನಡುವೆ ಡೇಟಾ ಓಡಾಡುವ ದಾರಿಯೇ ಚಾನೆಲ್. ಡಿಡಿಆರ್4 3200ರ ಒಂದು ಚಾನೆಲ್ ಒಂದು ಸಲಕ್ಕೆ 8 ಬೈಟ್‌ನಂತೆ ಸೆಕೆಂಡಿಗೆ 3200 ಮಿಲಿಯನ್ ಸಲ ಸಾಗಿಸುತ್ತದೆ, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ. ಎರಡು ಚಾನೆಲ್ ಆದರೆ 51.2. ಸ್ಟಿಕ್ ಒಂದೇ ಇದ್ದರೆ ಆ 25.6ರಲ್ಲೇ ಪ್ರೊಸೆಸರೂ ಗ್ರಾಫಿಕ್ಸೂ ಹಂಚಿಕೊಳ್ಳಬೇಕು. ಗ್ರಾಫಿಕ್ಸ್‌ಗೆ ಲೆಕ್ಕ ಮಾಡುವ ಶಕ್ತಿ ಇದ್ದರೂ ಡೇಟಾ ಬರುವವರೆಗೆ ಸುಮ್ನೆ ಕಾಯುತ್ತಾ ಕೂರುತ್ತದೆ. ಬಯೋಸ್‌ನಲ್ಲಿ ಗ್ರಾಫಿಕ್ಸ್‌ಗೆ 512 ಎಂಬಿ ಬದಲು 2 ಜಿಬಿ ಎತ್ತಿಟ್ಟೂ ನೋಡಿದೆ. ಎಫ್‌ಪಿಎಸ್ ಜಗ್ಗಲಿಲ್ಲ. ಸಾಲದ್ದು ಜಾಗವಲ್ಲ, ವೇಗ.

ಹಾಗಾಗಿ 16ರ ಸ್ಟಿಕ್ ವಾಪಸ್ ಕೊಟ್ಟು, ಮೇಲೆ ಕೆಲವು ನೂರು ರೂಪಾಯಿ ಹಾಕಿ, 8 ಜಿಬಿಯ ಜೋಡಿ ತಗೊಂಡೆ. ಅಂಗಡಿಯ ಹುಡುಗನೇ ಕೂರಿಸಿಕೊಟ್ಟ. ಮನೆಗೆ ತಂದು ಆಟ ಹಾಕಿದರೆ ಮತ್ತೆ ಅದೇ 40!

ತಲೆ ಕೆಟ್ಟಿದ್ದು ಇಲ್ಲೇ. ಟಾಸ್ಕ್ ಮ್ಯಾನೇಜರ್ ತೆರೆದರೆ 16 ಜಿಬಿ, 3200, `Slots used: 2 of 4`. ಎಲ್ಲವೂ ಸರಿ. ಅಂಗಡಿಗೆ ಫೋನ್ ಮಾಡಿದರೆ "ಎರಡು ಹಾಕಿದೀನಲ್ಲ ಸಾರ್, ಡ್ಯುಯಲ್ಲೇ" ಎಂಬ ಉತ್ತರ. ಆದರೆ ಎರಡು ಸ್ಲಾಟ್ ತುಂಬಿದೆ ಅಂದ ಮಾತ್ರಕ್ಕೆ ಎರಡು ಚಾನೆಲ್ ಓಡುತ್ತಿದೆ ಎಂದಲ್ಲ. ಅದನ್ನು ಟಾಸ್ಕ್ ಮ್ಯಾನೇಜರ್ ಹೇಳುವುದೂ ಇಲ್ಲ. ಸಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ `Memory` ಟ್ಯಾಬ್‌ಗೆ ಹೋಗಿ `Channel #` ನೋಡಬೇಕು. ನನ್ನದರಲ್ಲಿ `1 x 64-bit` ಅಂತಿತ್ತು. ಹಳೆಯ ಆವೃತ್ತಿಗಳಲ್ಲಿ ಅದೇ ಜಾಗದಲ್ಲಿ `Single` ಅಥವಾ `Dual` ಎಂದು ಬರುತ್ತದೆ.

ಕ್ಯಾಬಿನೆಟ್ ಬಿಚ್ಚಿದಾಗ ವಿಷಯ ಗೊತ್ತಾಯಿತು. ಬೋರ್ಡಿನಲ್ಲಿ ನಾಲ್ಕು ಸ್ಲಾಟ್, ನಾಲ್ಕೂ ಒಂದೇ ಕಪ್ಪು ಬಣ್ಣ. ಹುಡುಗ ಎರಡನ್ನೂ ಪಕ್ಕಪಕ್ಕದಲ್ಲಿ, ಪ್ರೊಸೆಸರ್ ಕಡೆಯಿಂದ ಮೊದಲನೆಯದು ಮತ್ತು ಎರಡನೆಯದಕ್ಕೆ ತಳ್ಳಿದ್ದ. ಅವು ಎ1, ಎ2. ಎರಡೂ ಎ ಚಾನೆಲ್ಲಿನವೇ! ಬಿ ಚಾನೆಲ್ ಪೂರ್ತಿ ಖಾಲಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಸ್ಟಿಕ್ ಹಾಕುವಾಗ ಸಾಮಾನ್ಯವಾಗಿ ಎ2, ಬಿ2ಗೆ, ಅಂದರೆ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ನಿಮ್ಮ ಬೋರ್ಡಿನ ಮ್ಯಾನುಯಲ್‌ನಲ್ಲಿ ಚಿತ್ರ ಇರುತ್ತದೆ, ಅದನ್ನು ನೋಡಿಕೊಂಡೇ ಹಾಕಿ.

ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಮೊದಲ ಸ್ಲಾಟಿನದನ್ನು ತೆಗೆದು ನಾಲ್ಕನೆಯದಕ್ಕೆ ಟಕ್ ಅನ್ನುವವರೆಗೆ ಒತ್ತಿದೆ. ಆನ್ ಮಾಡಿದರೆ ಪರದೆ ಸ್ವಲ್ಪ ಹೊತ್ತು ಕಪ್ಪಗೇ ಇತ್ತು. ಹೆದರಬೇಡಿ. ರ‍್ಯಾಮ್ ಜಾಗ ಬದಲಾದಾಗ ಬೋರ್ಡ್ ಅದನ್ನು ಹೊಸದಾಗಿ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಆಮೇಲೆ `2 x 64-bit` ಬಂತು. ಆಟ ಅದೇ ಸೆಟ್ಟಿಂಗ್‌ನಲ್ಲಿ 60 ದಾಟಿತು.

ಟ್ಯಾಲಿ, ಬ್ರೌಸರ್‌ನಲ್ಲಿ ಎರಡಕ್ಕೂ ವ್ಯತ್ಯಾಸ ನನಗಂತೂ ಕಾಣಲಿಲ್ಲ.

ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಈ ಪೆಟ್ಟು ಇಷ್ಟು ಜೋರಾಗಿ ಬೀಳುವುದಿಲ್ಲ, ಕಾರ್ಡಿನ ಮೆಮೊರಿ ಕಾರ್ಡಿನಲ್ಲೇ ಇರುತ್ತದೆ. ಡಿಡಿಆರ್5ರ ಒಂದು ಸ್ಟಿಕ್ಕಿನೊಳಗೇ ಎರಡು ಚಾನೆಲ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಆದರೆ ಒಂದೊಂದೂ 32 ಬಿಟ್, ಕೂಡಿದರೆ ಅದೇ 64. ಲ್ಯಾಪ್‌ಟಾಪ್‌ನಲ್ಲಂತೂ ಹೆಸರೇ ಸುಳಿವು ಕೊಡುತ್ತದೆ. ಐರಿಸ್ ಎಕ್ಸ್‌ಇ ಇರಬೇಕಾದ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಒಂದೇ ಸ್ಟಿಕ್ ಇದ್ದರೆ ಡಿವೈಸ್ ಮ್ಯಾನೇಜರ್ ಅದನ್ನು `Intel(R) UHD Graphics` ಎಂದು ತೋರಿಸುತ್ತದೆ.

16ರ ಸಿಂಗಲ್ ಪರವಾಗಿ ಒಂದು ಮಾತಿದೆ. ಬೋರ್ಡಿನಲ್ಲಿ ಎರಡೇ ಸ್ಲಾಟ್ ಇದ್ದು, ಮುಂದಿನ ತಿಂಗಳ ಸಂಬಳಕ್ಕೆ ಇನ್ನೊಂದು 16 ತರುವುದು ಖಚಿತವಾಗಿದ್ದರೆ ಅದೇ ಸರಿ. ನಮ್ಮ ಮನೆಯಲ್ಲಿ ಅಂಥ 'ಮುಂದಿನ ತಿಂಗಳು' ಗ್ಯಾಸು, ಫೀಸು, ಎಲ್‌ಐಸಿ ಕಂತಿಗೇ ಹೋಗುತ್ತದೆ. ಎರಡು 8 ಇದ್ದಲ್ಲೇ ಇರಲಿ, ಎ1, ಬಿ1 ಇನ್ನೂ ಖಾಲಿ ಇವೆ.