ರಿಪ್ ಜೊತೆ 5 ವರ್ಷ, ಒಎಸ್‌ಪಿಎಫ್ ಜೊತೆ 3 ವರ್ಷ: ಮಂಡಿ ನೆಟ್‌ವರ್ಕಿನ ಅನುಭವ

ದಾವಣಗೆರೆಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ನಾಲ್ಕು ಜಾಗ, ನಾಲ್ಕು ರೂಟರ್. ಚೌಕಿಪೇಟೆಯ ಅಂಗಡಿ, ಪಿ.ಬಿ. ರಸ್ತೆಯ ಮಿಲ್ಲು, ಎಪಿಎಂಸಿ ಯಾರ್ಡಿನ ಆಫೀಸು. ಈ ಮೂರನ್ನೂ ತಾರಸಿ ಮೇಲಿನ ರೇಡಿಯೊಗಳಿಂದ ತ್ರಿಕೋನವಾಗಿ ಜೋಡಿಸಿದ್ದೇವೆ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ಸುತ್ತಿ ಹೋಗಲಿ ಅಂತ. ನಾಲ್ಕನೆಯದು ಯಾರ್ಡಿನ ಹಿಂದಿರುವ ವೇಬ್ರಿಡ್ಜ್ ರೂಮು. ಅದಕ್ಕೆ ಯಾರ್ಡಿನಿಂದ ಒಂದೇ ಒಂದು ಕೇಬಲ್. ಸಿಸಿಟಿವಿ ರೆಕಾರ್ಡರ್ ಕೂಡ ಆ ರೂಮಿನಲ್ಲೇ ಇದೆ.

ಯಾವ ನೆಟ್‌ವರ್ಕಿಗೆ ಯಾವ ದಾರಿ ಅಂತ ರೂಟರುಗಳು ತಮ್ಮತಮ್ಮಲ್ಲೇ ಹೇಳಿಕೊಳ್ಳಲಿ ಅಂತ ಮೊದಲ 5 ವರ್ಷ ರಿಪ್ ಪ್ರೋಟೊಕಾಲ್ ಓಡಿಸಿದೆ. ದೂರದ ಲೆಕ್ಕ ಹೇಳಿಕೊಂಡು ನಡೆಯುವ ಡಿಸ್ಟೆನ್ಸ್ ವೆಕ್ಟರ್ ಪದ್ಧತಿಗಳ ಪೈಕಿ ಇದಕ್ಕಿಂತ ಸರಳವಾದದ್ದು ಸಿಗೋದು ಕಷ್ಟ. ಪ್ರತಿ ರೂಟರ್ 30 ಸೆಕೆಂಡಿಗೊಮ್ಮೆ ಪಕ್ಕದವರಿಗೆ 'ಇಂಥ ನೆಟ್‌ವರ್ಕಿಗೆ ನನ್ನಿಂದ ಇಷ್ಟು ಹೆಜ್ಜೆ' ಅಂತ ಹೇಳುತ್ತದೆ. ಕೇಳಿದವರು ಅದಕ್ಕೆ ಒಂದು ಸೇರಿಸಿ ಬರೆದುಕೊಳ್ಳುತ್ತಾರೆ. ನಾಲ್ಕು ಸಾಲಿನ ಸೆಟ್ಟಿಂಗು, ಅರ್ಧ ಗಂಟೆಯ ಕೆಲಸ. ದಿನ ಚೆನ್ನಾಗಿದ್ದಾಗ ರಿಪ್ ಇದೆ ಅನ್ನೋದೇ ಮರೆತುಹೋಗುತ್ತದೆ.

ದಿನ ಕೆಟ್ಟಿದ್ದು ಯಾರ್ಡಿನ ಹಿಂದೆ ಜೆಸಿಬಿಯವನು ಚರಂಡಿ ತೋಡುವಾಗ. ವೇಬ್ರಿಡ್ಜ್ ಕೇಬಲ್ ಕತ್ತರಿಸಿ ಹೋಯಿತು. ಅದು ಆಗೋದೇ ಬಿಡಿ. ಆದರೆ ಎರಡು ಕಿಲೋಮೀಟರ್ ಆಚೆ ಚೌಕಿಪೇಟೆಯಲ್ಲಿ ಬಿಲ್ಲಿಂಗೂ ನಿಂತಿತು. ಸಾಹುಕಾರ್ರು ಫೋನ್ ಮಾಡಿದರು: 'ಕಟ್ಟಾಗಿದ್ದು ಅಲ್ಲಿ, ಇಲ್ಲಿ ಯಾಕಪ್ಪಾ ನಿಂತೈತಿ?' ನ್ಯಾಯವಾದ ಪ್ರಶ್ನೆ. ಬಿಲ್ಲಿಂಗ್ ಸರ್ವರ್ ಇರೋದು ಯಾರ್ಡಿನಲ್ಲಿ, ವೇಬ್ರಿಡ್ಜಿನಲ್ಲಿ ಅಲ್ಲ. ಪೇಟೆಯಿಂದ ಯಾರ್ಡಿಗೆ ರೇಡಿಯೊ ಚೆನ್ನಾಗಿಯೇ ಇತ್ತು.

ಪ್ಯಾಕೆಟ್ ಯಾವ ಯಾವ ರೂಟರ್ ದಾಟಿ ಹೋಗುತ್ತದೆ ಅಂತ ನೋಡಲು ಪೇಟೆಯ ಕಂಪ್ಯೂಟರಿನಿಂದ ವೇಬ್ರಿಡ್ಜಿಗೆ `tracert` ಹೊಡೆದೆ. ಬಂದದ್ದು ಹೀಗೆ:

```
2  10.20.1.2
3  10.20.2.2
4  10.20.3.2
5  10.20.1.2
6  10.20.2.2
7  10.20.3.2
```

ಮಿಲ್ಲು, ಯಾರ್ಡು, ಪೇಟೆ, ಮತ್ತೆ ಮಿಲ್ಲು. ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. `ping` ಕೊಟ್ಟರೆ `TTL expired in transit`, ಅಂದರೆ ಪ್ಯಾಕೆಟ್ಟಿಗೆ ಕೊಟ್ಟ ಹೆಜ್ಜೆಗಳ ಮಿತಿಯಾದ ಟಿಟಿಎಲ್ ದಾರಿಯಲ್ಲೇ ಮುಗಿಯಿತು ಅಂತ. ಇವೆರಡನ್ನೂ ಒಟ್ಟಿಗೆ ನೋಡಿದರೆ ಲೂಪ್ ಅಂತ ಕಣ್ಣು ಮುಚ್ಚಿ ಹೇಳಬಹುದು. ಆಮೇಲೆ ಪೇಟೆ ರೂಟರಿನ ಟೇಬಲ್ ತೆರೆದು ನೋಡುತ್ತಾ ಕೂತೆ. ವೇಬ್ರಿಡ್ಜಿನ ಮೆಟ್ರಿಕ್, ಅಂದರೆ ಹೆಜ್ಜೆಯ ಲೆಕ್ಕ, 7 ಇತ್ತು. ಸ್ವಲ್ಪ ಹೊತ್ತಿಗೆ 10. ಆಮೇಲೆ 13.

ಆಗಿದ್ದು ಏನು ಅಂತ ಆ ರಾತ್ರಿ ಕಾಗದದ ಮೇಲೆ ಬಿಡಿಸಿದೆ. ಕೇಬಲ್ ಸರಿಯಿದ್ದಾಗ ವೇಬ್ರಿಡ್ಜ್ ನೆಟ್‌ವರ್ಕಿಗೆ ಯಾರ್ಡಿನ ಲೆಕ್ಕ 2. ಪೇಟೆ, ಮಿಲ್ಲು ಎರಡಕ್ಕೂ ಯಾರ್ಡ್ ಮೂಲಕ 3. ಕೇಬಲ್ ಹೋದ ಕೂಡಲೇ ಯಾರ್ಡು '16' ಅಂತ ಕೂಗಿತು. ರಿಪ್‌ನಲ್ಲಿ 16 ಅಂದರೆ ಅನಂತ, ದಾರಿಯೇ ಇಲ್ಲ ಅಂತ ಅರ್ಥ. ಪೇಟೆಗೆ ಅದು ಕೇಳಿಸಿತು, ಮಿಲ್ಲಿಗೆ ಕೇಳಿಸಲಿಲ್ಲ. ರಿಪ್ ಮಾತಾಡೋದು ಯುಡಿಪಿ ಮೇಲೆ. 'ತಲುಪಿತಾ?' ಅಂತ ಯಾರೂ ಕೇಳೋದಿಲ್ಲ. ರೇಡಿಯೊದಲ್ಲಿ ಒಂದು ಪ್ಯಾಕೆಟ್ ಬಿದ್ದರೆ ಬಿತ್ತು.

ಮಿಲ್ಲಿನ ಹತ್ತಿರ ಇನ್ನೂ ಹಳೆ 3 ಇದೆ. ಸ್ಪ್ಲಿಟ್ ಹೊರೈಜನ್ ಅನ್ನೋ ನಿಯಮ ಇರುವುದರಿಂದ, ಯಾರಿಂದ ಕಲಿತೆಯೋ ಅವರಿಗೇ ಅದನ್ನು ತಿರುಗಿ ಹೇಳುವ ಹಾಗಿಲ್ಲ. ಹಾಗಾಗಿ ಮಿಲ್ಲು ಯಾರ್ಡಿಗೆ ಹೇಳಲಿಲ್ಲ. ಆದರೆ ಪೇಟೆಗೆ ಹೇಳಬಹುದಲ್ಲ, ಹೇಳಿತು: 'ನನ್ನ ಹತ್ತಿರ ದಾರಿ ಇದೆ, 3.' ಪೇಟೆ ಖುಷಿಯಾಗಿ 4 ಅಂತ ಬರೆದುಕೊಂಡು ಯಾರ್ಡಿಗೆ ಹೇಳಿತು. ಯಾರ್ಡು 5 ಬರೆದುಕೊಂಡಿತು. ತಾನೇ ಹಿಂದೆ ಹೇಳಿದ್ದ ಮಾತು ಊರು ಸುತ್ತಿ ಬಂದಿದೆ ಅಂತ ಅದಕ್ಕೆ ಗೊತ್ತಾಗೋದು ಹೇಗೆ? ಬರೋದು ಬರೀ ಒಂದು ಅಂಕಿ. ಅದು ಯಾರ ಮೂಲಕ ಬಂತು ಅನ್ನೋದು ಅದರಲ್ಲಿ ಇರೋದಿಲ್ಲ. ಯಾರ್ಡು ಮಿಲ್ಲಿಗೆ 5 ಅಂದಿತು, ಮಿಲ್ಲು 6, ಪೇಟೆ 7, ಯಾರ್ಡು 8. ಹೀಗೇ ಏರುತ್ತಾ ಮಿಲ್ಲು 15 ಮುಟ್ಟಿ, ಪೇಟೆ 16 ಆದಾಗ ಮಾತ್ರ ಈ ಸುಳ್ಳು ಸಾಯಲು ಶುರುವಾಗುತ್ತದೆ. ಕೌಂಟ್ ಟು ಇನ್ಫಿನಿಟಿ ಅನ್ನೋದು ಇದೇ.

ಸ್ಪ್ಲಿಟ್ ಹೊರೈಜನ್ ಇದ್ದರೆ ಈ ತೊಂದರೆ ಇಲ್ಲ ಅಂತ ನಾನೂ ನಂಬಿದ್ದೆ. ಇಬ್ಬರ ನಡುವಿನ ಲೂಪಿಗೆ ಮಾತ್ರ ಅದು ಮದ್ದು. ಮೂವರು ಸೇರಿದರೆ ಕೆಲಸ ಮಾಡೋದಿಲ್ಲ. ರಿಪ್ ಎರಡನೇ ಆವೃತ್ತಿಯ 1998ರ ದಾಖಲೆ, ಆರ್‌ಎಫ್‌ಸಿ 2453, ಇದನ್ನು ತಾನೇ ಒಪ್ಪಿಕೊಳ್ಳುತ್ತದೆ.

ನಮ್ಮ ಹಳೆ ರೂಟರುಗಳು ದಾರಿ ಸತ್ತಾಗ ಮಾತ್ರ ತಕ್ಷಣ ಕೂಗುತ್ತಿದ್ದವು. ಅಂಕಿ ಏರಿದರೆ 30 ಸೆಕೆಂಡಿನ ಸರದಿಗೆ ಕಾಯುತ್ತಿದ್ದವು. ಒಂದು ಸುತ್ತಿಗೆ 30ರಿಂದ 60 ಸೆಕೆಂಡ್, 4ರಿಂದ 16ಕ್ಕೆ ನಾಲ್ಕು ಸುತ್ತು. ಲೆಕ್ಕದಲ್ಲಿ 2ರಿಂದ 4 ನಿಮಿಷ. ಅವತ್ತು 6 ಹಿಡಿಯಿತು.

ಬಿಲ್ಲಿಂಗ್ ನಿಂತ ಕಾರಣವೂ ಅದರಲ್ಲೇ ಇತ್ತು. ಪೇಟೆಯ ಒಂದು ಕ್ಯಾಮೆರಾ ವೇಬ್ರಿಡ್ಜಿನ ರೆಕಾರ್ಡರಿಗೆ 2 ಎಂಬಿಪಿಎಸ್ ಯುಡಿಪಿ ವಿಡಿಯೊ ಕಳಿಸುತ್ತಿತ್ತು. ಅದಕ್ಕೆ ಆ ಕಡೆ ಯಾರಾದರೂ ಇದ್ದಾರಾ ಅನ್ನೋ ಚಿಂತೆ ಇಲ್ಲ. ಅದರ ಟಿಟಿಎಲ್ 64. ಮೂರು ಹೆಜ್ಜೆಗೆ ಒಂದು ಸುತ್ತು ಅಂದರೆ ಪ್ರತಿ ಪ್ಯಾಕೆಟ್ ಸಾಯುವ ಮುಂಚೆ ಸುಮಾರು 21 ಸುತ್ತು ಹೊಡೆಯುತ್ತದೆ. 2 ಎಂಬಿಪಿಎಸ್ ಇದ್ದದ್ದು ಪ್ರತಿ ಲಿಂಕಿನ ಮೇಲೆ 42 ಆಯಿತು. ನಮ್ಮ ರೇಡಿಯೊಗಳು ಕೊಡೋದು ಹೆಚ್ಚೂಕಡಿಮೆ 40. ರಿಪ್‌ನ ಅಪ್ಡೇಟುಗಳೂ ಆ ಜಾತ್ರೆಯಲ್ಲೇ ನುಗ್ಗಬೇಕಾದ್ದರಿಂದ ಕೆಲವು ಬಿದ್ದುಹೋದವು, ಎಣಿಕೆ ಇನ್ನೂ ನಿಧಾನವಾಯಿತು.

ಮುಂದಿನ ತಿಂಗಳೇ ರೂಟರ್ ಬದಲಾಯಿಸಿ ಒಎಸ್‌ಪಿಎಫ್ ಹಾಕಿದೆ. ಇದು ಲಿಂಕ್ ಸ್ಟೇಟ್. ಇಲ್ಲಿ ಯಾರೂ 'ನನ್ನಿಂದ ಇಷ್ಟು ದೂರ' ಅಂತ ಹೇಳೋದಿಲ್ಲ. 'ನನ್ನ ಪಕ್ಕ ಇವರಿದ್ದಾರೆ' ಅಂತ ಮಾತ್ರ ಹೇಳುತ್ತಾರೆ. ಆ ಚೀಟಿ ಬದಲಾಗದೆ ಎಲ್ಲರಿಗೂ ಹೋಗುತ್ತದೆ. ಎಲ್ಲರ ಹತ್ತಿರವೂ ಪೂರ್ತಿ ನಕ್ಷೆ ಇರುತ್ತದೆ, ದಾರಿಯನ್ನು ಅವರವರೇ ಡೈಕ್‌ಸ್ಟ್ರಾ ಲೆಕ್ಕದಿಂದ ಹುಡುಕಿಕೊಳ್ಳುತ್ತಾರೆ. ಚೀಟಿ ತಲುಪಿತು ಅಂತ ಪಕ್ಕದವರು ಒಪ್ಪಿಗೆ ಕಳಿಸಬೇಕು, ಇಲ್ಲದಿದ್ದರೆ ಮತ್ತೆ ಕಳಿಸುತ್ತದೆ. ಚೀಟಿಗೆ ಕ್ರಮಸಂಖ್ಯೆ ಇರುವುದರಿಂದ ಹಳೆಯದು ಸುತ್ತಿ ಬಂದರೂ ಮೂಲೆಗೆ ಬೀಳುತ್ತದೆ.

ಒಂದು ಭಾನುವಾರ ಬೇಕಂತಲೇ ವೇಬ್ರಿಡ್ಜ್ ಕೇಬಲ್ ಕಿತ್ತೆ. ಕ್ಷಣದಲ್ಲೇ ಪೇಟೆಯಲ್ಲಿ ದಾರಿ ಮಾಯ. ಮಿಲ್ಲು ಏನಂದರೂ ಪೇಟೆ ನಂಬಬೇಕಾಗಿಲ್ಲ, ನಕ್ಷೆಯಲ್ಲಿ ಯಾರ್ಡಿನಿಂದ ಆ ಕಡೆಗೆ ಗೆರೆಯೇ ಇಲ್ಲ ಅಲ್ವಾ. ಬಿಲ್ಲಿಂಗ್ ಅಲ್ಲಾಡಲಿಲ್ಲ. ಒಬ್ಬರು ಲೆಕ್ಕ ಮುಗಿಸಿ ಇನ್ನೊಬ್ಬರು ಮುಗಿಸದ ಆ ಸಣ್ಣ ಹೊತ್ತಿನಲ್ಲಿ ಇಲ್ಲೂ ಲೂಪ್ ಆಗಬಹುದು. ಆದರೆ ಅದು ಎಣಿಸುತ್ತಾ ಕೂರೋದಿಲ್ಲ.

ಬೈಯೋದೂ ಇದೆ. ಮೊದಲ ದಿನವೇ ಮಿಲ್ಲು ಮತ್ತು ಯಾರ್ಡಿನ ನಡುವೆ ನೆರೆಸಂಬಂಧ `ExStart` ಅಂತ ತೋರಿಸಿ ಅಲ್ಲೇ ನಿಂತಿತು. ಸಂಜೆಯೆಲ್ಲ ಹೋಯಿತು. ಕೊನೆಗೆ ನೋಡಿದರೆ ಎರಡು ಕಡೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ, ಬೇರೆ ಬೇರೆ. ಇನ್ನೊಂದು, ದಾರಿ ಆರಿಸಲು ಪ್ರತಿ ಲಿಂಕಿಗೆ ಹಾಕುವ ಅಂಕಿ, ಕಾಸ್ಟ್, ತಾನೇ ಸರಿಯಾಗಿ ಹಾಕುತ್ತದೆ ಅಂತ ನಂಬಬೇಡಿ. ಅದು ನೋಡೋದು ಪೋರ್ಟಿನ ವೇಗ. ರೇಡಿಯೊ 40 ಕೊಟ್ಟರೂ ಪೋರ್ಟು 100 ಇದ್ದರೆ ಕಾಸ್ಟ್ 1. ಕೈಯಲ್ಲೇ ಬರೆದೆ.

ಪೋರ್ಟಿನದೇ ಮತ್ತೊಂದು ತಲೆನೋವು. ತಾರಸಿಯ ರೇಡಿಯೊಗಳ ನಡುವೆ ಸಿಗ್ನಲ್ ಹೋದರೂ ರೂಟರಿಂದ ರೇಡಿಯೊವರೆಗಿನ ಕೇಬಲ್ ಸರಿಯೇ ಇರುತ್ತದೆ. ರೂಟರಿಗೆ ಲಿಂಕ್ ಹೋಗಿದ್ದು ಗೊತ್ತಾಗೋದಿಲ್ಲ. 'ನಾನಿದ್ದೇನೆ' ಅಂತ ಪಕ್ಕದವರು ಆಗಾಗ ಕಳಿಸುವ ಹಲೋ ಬರೋದು ನಿಂತು 40 ಸೆಕೆಂಡ್ ಕಳೆಯಬೇಕು. ರಿಪ್ ಆಗಿದ್ದರೆ 180. ಹಲೋ 1 ಸೆಕೆಂಡಿಗೊಮ್ಮೆ, ಕಾಯುವ ಹೊತ್ತಾದ ಡೆಡ್ 4 ಸೆಕೆಂಡ್ ಅಂತ ಇಳಿಸಿ ನೋಡಿದೆ. ಜೂನ್ ಮಳೆಗೆ ಲಿಂಕ್ ಗಳಿಗೆಗೊಮ್ಮೆ ಬಿದ್ದು ಎದ್ದು ಮಾಡಿತು. ಈಗ 3 ಮತ್ತು 12ಕ್ಕೆ ಇಟ್ಟಿದ್ದೇನೆ. ಎರಡೂ ಕಡೆ ಒಂದೇ ಅಂಕಿ ಇರಬೇಕು, ಇಲ್ಲದಿದ್ದರೆ ಅವು ಮಾತೇ ಆಡೋದಿಲ್ಲ.

ಸಾಲಾಗಿ ನಿಂತ ರೂಟರುಗಳು, ತ್ರಿಕೋನ ಇಲ್ಲ ಅಂದರೆ ರಿಪ್‌ಗೆ 5ರಲ್ಲಿ 4 ಕೊಡ್ತೀನಿ. ನಮ್ಮಂಥ ಸುತ್ತು ಇರುವ ಕಡೆ 2. ಒಎಸ್‌ಪಿಎಫ್‌ಗೆ 4. ಆ `ExStart` ಸಂಜೆಗೆ ಒಂದು ಕಡಿದಿದ್ದೇನೆ.